ಮೇಲಿನ ಆಫೀಸಿಗೆ ಬರೆದ ಎರಡು ದೂರುಗಳು

ಜೇವರ್ಗಿಯ ಸರ್ಕಾರಿ ಆಸ್ಪತ್ರೆಯಲ್ಲಿ ನನ್ನ ಕಾಕಾನ ಮಗನನ್ನು ನೋಡಿದಾಗ ಅವನ ಎಡಗೈಗೆ ದಪ್ಪ ಪಟ್ಟಿ ಸುತ್ತಿದ್ದರು. ಎರಡು ಬೆರಳು ಮುರಿದಿದ್ದವು. ಬೆನ್ನಿನ ಮೇಲೆ ಬಾಸುಂಡೆಗಳು ಒಂದರ ಮೇಲೊಂದು ಬಿದ್ದು, ಯಾವುದು ಎಲ್ಲಿ ಮುಗಿಯುತ್ತದೆ ಎಂದು ಗೊತ್ತಾಗುತ್ತಿರಲಿಲ್ಲ. ಅಂಗಾಲು ಬಾತುಕೊಂಡು ಚಪ್ಪಲಿಯೊಳಗೆ ಹೋಗುತ್ತಿರಲಿಲ್ಲ. ಬಲಗೈಗೆ ಮಾತ್ರ ಏನೂ ಆಗಿರಲಿಲ್ಲ. ಅದು ಹೇಗೆ ಉಳಿಯಿತು ಎಂದು ಕೇಳಿದೆ.

“ಸಹಿ ಬೇಕಾಗಿತ್ತಲ್ಲಣ್ಣಾ ಅವಗ,” ಎಂದ.

ನಾನು ಆಳಂದದಲ್ಲಿದ್ದು ಒಂದು ಕನ್ನಡ ಪತ್ರಿಕೆಗೆ ವರದಿ ಮಾಡುತ್ತೇನೆ. ಹೊಡೆಸಿಕೊಂಡವರನ್ನು ಮಾತಾಡಿಸುವುದು ನನ್ನ ಕೆಲಸದ ಭಾಗ. ಎಲ್ಲಿ, ಯಾರು, ಯಾವುದರಿಂದ, ಕಂಡವರು ಯಾರು, ಈ ಕ್ರಮದಲ್ಲಿ ಕೇಳುತ್ತೇನೆ. ತಮ್ಮನನ್ನೂ ಹಾಗೆಯೇ ಕೇಳಿದೆ. ಅವನೂ ಅದೇ ಕ್ರಮದಲ್ಲಿ ಹೇಳಿದ.

ಅವನು ನೆಲೋಗಿ ಕಡೆಯ ಒಂದು ಸೋಲಾರ್ ಪ್ಲಾಂಟಿನಲ್ಲಿ ಕಾವಲುಗಾರ. ಅದಕ್ಕೆ ಮೊದಲು ಅಫಜಲಪುರ ತಾಲೂಕಿನ ಕರಜಗಿಯಲ್ಲಿ ಕಬ್ಬಿನ ಲೋಡು ಏರಿಸುತ್ತಿದ್ದ. ನೆರಳಿನ ಕೆಲಸ, ಯೂನಿಫಾರ್ಮ್ ಕೊಡುತ್ತಾರೆ ಎಂದು ಇಲ್ಲಿಗೆ ಬಂದಿದ್ದ. ಬೆಳಿಗ್ಗೆ ಪಾಳಿ ಬದಲಾಗುವಾಗ ಒಂದು ತಾಮ್ರದ ಕೇಬಲ್ ಸುರುಳಿ ಕಾಣೆಯಾಗಿರುವುದು ಗೊತ್ತಾಯಿತು. ಪ್ಲಾಂಟಿನ ಸೆಕ್ಯುರಿಟಿ ಇನ್‌ಚಾರ್ಜ್ ರಾತ್ರಿ ಪಾಳಿಯಲ್ಲಿದ್ದ ಇವನನ್ನು ಸ್ಟೋರ್ ರೂಮಿಗೆ ಕರೆದ. ಬಾಗಿಲು ಹಾಕಿ, ಒಂದು ತುಂಡು ಕೇಬಲಿನಿಂದಲೇ ಬೆನ್ನಿಗೆ ಹೊಡೆಯಲು ಶುರು ಮಾಡಿದ. ಆಮೇಲೆ ನೆಲಕ್ಕೆ ಕೆಡವಿ, ಇನ್ನೊಬ್ಬ ಕಾವಲುಗಾರನಿಂದ ಕುರ್ಚಿ ಹಿಡಿಸಿ, ಕಾಲು ಅದರ ಮೇಲಿಡಿಸಿ ಪೈಪಿನಿಂದ ಅಂಗಾಲಿಗೆ ಹೊಡೆದ. ಕೊನೆಗೆ ಎಡಗೈಯನ್ನು ಮೇಜಿನ ಮೇಲಿಟ್ಟು ಬೋಲ್ಟು ತಿರುಗಿಸುವ ಕಬ್ಬಿಣದ ಪಾನದಿಂದ ಬೆರಳುಗಳ ಮೇಲೆ ಜಜ್ಜಿದ. ಅಷ್ಟು ಹೊತ್ತಿಗೆ ಆಫೀಸಿನ ಗುಮಾಸ್ತ ಒಂದು ಟೈಪು ಮಾಡಿದ ಕಾಗದ ತಂದಿದ್ದ. ಕಾಗದ ಇಂಗ್ಲಿಷಿನಲ್ಲಿತ್ತು. ತಮ್ಮ ಸಹಿ ಹಾಕಿದ.

ಅದರಲ್ಲಿ ಏನಿತ್ತು ಎಂದು ಅವನಿಗೆ ಗೊತ್ತಾದದ್ದು ಠಾಣೆಯಲ್ಲಿ. ಆಸ್ಪತ್ರೆಯವರು ನಿಯಮದ ಪ್ರಕಾರ ಪೊಲೀಸರಿಗೆ ತಿಳಿಸಿದ್ದರು. ಸಬ್ ಇನ್ಸ್‌ಪೆಕ್ಟರ್ ಪ್ಲಾಂಟಿನವರು ಕಳಿಸಿದ್ದ ಆ ಕಾಗದದ ಫೋಟೋವನ್ನು ಫೋನಿನಲ್ಲಿ ತೋರಿಸಿದರು. ಕೇಬಲ್ ಕದ್ದು ಮಾರಲು ನಾನೇ ಗೇಟು ತೆರೆದುಕೊಟ್ಟೆ, ತಪ್ಪು ಒಪ್ಪಿಕೊಳ್ಳುತ್ತೇನೆ ಎಂದು ಬರೆದಿತ್ತು. ಕೆಳಗೆ ತಮ್ಮನ ಸಹಿ.

“ನಿಂದೂ ಕೇಸ್ ತಗೋತೇನಿ, ಅವರದೂ ತಗೋತೇನಿ,” ಎಂದರು ಅವರು. “ಅವರದು ತಗೊಂಡ್ರ ನೀ ಕಳ್ಳತನದಾಗ ಆರೋಪಿ ಆಗ್ತಿ. ಮನಿಗಿ ಹೋಗಿ ಮಾತಾಡ್ಕೊಂಡು ಬಾ.”

ನೆಲೋಗಿಯ ಮನೆಯಲ್ಲಿ ಮಾತಾಡಿದರು. ಕಳ್ಳತನದ ದೂರು ಕೊಡುವುದು ಬಿಡುವುದು ಪ್ಲಾಂಟಿನವರ ಕೈಯಲ್ಲಿಲ್ಲ, ಚೆನ್ನೈನಲ್ಲಿರುವ ಕಂಪನಿಯ ಹೆಡ್ ಆಫೀಸಿನ ಕೈಯಲ್ಲಿದೆ ಎಂದು ಆ ಹೊತ್ತಿಗೆ ತಿಳಿದಿತ್ತು. ತಪ್ಪೊಪ್ಪಿಗೆ ಅಲ್ಲಿಗೆ ಹೋಗಿತ್ತು. ತಮ್ಮನಿಗೆ ಬೇಕಿದ್ದುದು ಒಂದೇ: ತಾನು ಕಳ್ಳನಲ್ಲ ಎಂದು ಆ ಆಫೀಸು ಹೇಳಬೇಕು. ಓಣಿಯಲ್ಲಿ ಆಗಲೇ ಇಬ್ಬರು ಮೂವರು ಅವನನ್ನು ಕಂಡರೆ “ತಾಮ್ರ ಏನ್ ಭಾವ ನಡದೈತಿ?” ಎಂದು ಕೇಳತೊಡಗಿದ್ದರು.

ಹೆಡ್ ಆಫೀಸಿಗೆ ದೂರು ಬರೆಯಬೇಕು ಎಂಬುದರಲ್ಲಿ ಯಾರಿಗೂ ಭಿನ್ನಾಭಿಪ್ರಾಯ ಇರಲಿಲ್ಲ. ಯಾವ ಭಾಷೆಯಲ್ಲಿ ಎಂಬುದರ ಮೇಲೆ ಜಗಳ ಎದ್ದಿತು.

ನಾನು ಇಂಗ್ಲಿಷ್ ಎಂದೆ. ಚೆನ್ನೈನ ಆಫೀಸಿನಲ್ಲಿ ಕನ್ನಡ ಓದುವವರು ಇರುತ್ತಾರೋ ಇಲ್ಲವೋ. ಓದಲಾಗದ ಕಾಗದ ಕೈಗೆ ಬಂದರೆ ಯಾವ ಆಫೀಸಿನವರಾದರೂ ಅದನ್ನು ಓದಬಲ್ಲವರ ಕಡೆಗೆ ತಳ್ಳುತ್ತಾರೆ. ಕನ್ನಡ ಬಲ್ಲವರು ಅವರಿಗೆ ಸಿಗುವುದು ಇದೇ ಪ್ಲಾಂಟಿನಲ್ಲಿ.

“ಇಂಗ್ಲಿಷ್ ಕಾಗದಕ್ಕ ಒಂದ್ ಸಲ ಸಹಿ ಹಾಕೇನಿ,” ಎಂದ ತಮ್ಮ. “ಇನ್ನೊಮ್ಮೆ ಹಾಕಂಗಿಲ್ಲ.”

“ಅದು ಅವ ಬರದದ್ದು. ಇದು ನಾ ಬರೀತೇನಿ.”

“ನೀ ಏನ್ ಬರದಿ ಅಂತ ನನಗ ಹ್ಯಾಂಗ್ ತಿಳೀಬೇಕು? ಅವನೂ ಹಿಂಗೇ ಅಂದಿದ್ದ. ನಾ ಬರದೇನಿ, ನೀ ಹಾಕು ಅಂತ.”

ಅವನ ತಾಯಿ, ನನ್ನ ಕಾಕಿ, ಚಹಾ ಸೋಸುತ್ತಾ ಕುಳಿತಿದ್ದರು. “ಅಣ್ಣನ್ನ ಅವನ ಜೋಡಿ ಹಚ್ಚತೀಯೇನಲೇ, ಮೂರ್ಖ?” ಎಂದರು ಮಗನಿಗೆ. ಆಮೇಲೆ ನನಗೆ, “ಹಿಂದಿಯಾಗ ಬರದ್ರ ನಡಿಯಂಗಿಲ್ಲೇನ್ ಯಪ್ಪಾ? ಮಾತಾಡಾಕಂತೂ ಎಲ್ಲಾರಿಗೂ ಬರ್ತೈತಿ.”

“ಮಾತಾಡಾಕ ಬರ್ತದ ಕಾಕಿ, ಬರಿಯಾಕ ಯಾರಿಗಿ ಬರ್ತದ? ಮತ್ತ ಚೆನ್ನೈದಾಗ ಅದನ್ನ ಓದವರು ಯಾರು?”

ಮರುದಿನ ಜೇವರ್ಗಿಯ ಬಸ್ ನಿಲ್ದಾಣದ ಹತ್ತಿರದ ಡಿಟಿಪಿ ಅಂಗಡಿಗೆ ಹೋದೆವು. ಅಂಗಡಿಯವರು ದಿನವೂ ಅರ್ಜಿ ಟೈಪು ಮಾಡುವವರು, ಅವರಿಗೂ ಒಂದು ಅಭಿಪ್ರಾಯವಿತ್ತು. “ಕನ್ನಡದಾಗ ಬರದ್ರ ಅರ್ಜಿ ಅಂತಾರ್ರಿ, ಇಂಗ್ಲಿಷಿನಾಗ ಬರದ್ರ ಕಂಪ್ಲೇಂಟ್ ಅಂತಾರ. ಅರ್ಜಿ ಅಂದ್ರ ಬೇಡೋದು. ಎರಡೂ ಹಾಕ್ರಿ, ಮುಂದ ಇಂಗ್ಲಿಷ್, ಹಿಂದ ಕನ್ನಡ.”

ಅದು ಒಳ್ಳೆಯ ಮಾತಾಗಿತ್ತು. ತಮ್ಮ ತಲೆಯಾಡಿಸಿದ. “ಎರಡು ಹಾಕಿದ್ರ ಅವರು ಒಂದೇ ಓದ್ತಾರ. ನಾ ಓದಲಾರದ್ದನ್ನೇ ಓದ್ತಾರ. ನಾಳೆ ಅದರಾಗ ಏನರ ಹೆಚ್ಚು ಕಡಿಮಿ ಇದ್ರ ನನ್ನ ಕೊಳ್ಳಿಗಿ.” ಆಮೇಲೆ ಫೋನು ತೆಗೆದು ಒಂದು ಫೋಟೋ ತೋರಿಸಿದ. ಪ್ಲಾಂಟಿನ ಗೇಟಿನ ಬೋರ್ಡು. ಕಾರ್ಮಿಕರ ಯಾವುದೇ ದೂರು ಇದ್ದಲ್ಲಿ ಈ ಮೇಲ್ ವಿಳಾಸಕ್ಕೆ ನೇರವಾಗಿ ಕಳುಹಿಸಿರಿ, ಹೆಸರು ಗುಪ್ತವಾಗಿಡಲಾಗುವುದು ಎಂದು ಕನ್ನಡದಲ್ಲೇ ಬರೆದಿತ್ತು. “ಅವರೇ ಕನ್ನಡದಾಗ ಕರದಾರ. ಕನ್ನಡದಾಗ ಹೇಳ್ತೇನಿ.”

ದೂರು ಅವನದು, ಪೆಟ್ಟು ಅವನದು. ನಾನು ವಾದ ಬಿಟ್ಟೆ. ಅವನು ಹೇಳುತ್ತಾ ಹೋದ, ಅಂಗಡಿಯವರು ಟೈಪು ಮಾಡಿದರು. ಕೇಬಲಿನಿಂದ ಹೊಡೆದದ್ದು, ಪಾನ, ಬೆರಳು, ಸಹಿ. ನೋಡಿದವರು ಯಾರು ಎಂಬಲ್ಲಿ ಪ್ಲಾಂಟಿನ ಮೆಸ್ಸಿನಲ್ಲಿ ಅಡುಗೆ ಮಾಡುವ ಹೆಂಗಸಿನ ಹೆಸರು ಹೇಳಿದ. ಸ್ಟೋರ್ ರೂಮಿನ ಪಕ್ಕದ ಗೋಡೆಯೇ ಅವಳ ಅಡುಗೆಮನೆ. ಕೂಗು ಕೇಳಿ ಕಿಟಕಿಯಲ್ಲಿ ಇಣುಕಿದವಳು ಅವಳೊಬ್ಬಳೇ. ಅವಳನ್ನು ಕೇಳಿಯೇ ಹೆಸರು ಹಾಕಿದ್ದ. “ಹಾಕಲೇ, ನಾ ಏನ್ ಸುಳ್ಳ ಹೇಳ್ತೇನೇನು?” ಎಂದಿದ್ದಳಂತೆ. ಇಡೀ ದೂರನ್ನು ಅವನೇ ಎರಡು ಸಲ ಓದಿ, ಅಕ್ಷರ ಕೂಡಿಸಿ ಸಹಿ ಹಾಕಿದ. ಸ್ಕ್ಯಾನ್ ಮಾಡಿ ಮೇಲ್ ಕಳಿಸಿದೆವು. ಇನ್ನೊಂದು ಪ್ರತಿಯನ್ನು ರಿಜಿಸ್ಟರ್ ಪೋಸ್ಟಿಗೆ ಹಾಕಿದೆವು.

ಪೋಸ್ಟಿನದು ತಲುಪುವ ಮೊದಲೇ ಮೇಲ್ ತನ್ನ ಕೆಲಸ ಮುಗಿಸಿತ್ತು. ಹೆಡ್ ಆಫೀಸಿನಲ್ಲಿ ಅದನ್ನು ತೆರೆದವರಿಗೆ ಲಿಪಿ ತಿಳಿಯಲಿಲ್ಲ. ಮೇಲಿನ ಸಾಲಿನಲ್ಲಿ ಪ್ಲಾಂಟಿನ ಹೆಸರು ಮಾತ್ರ ಇಂಗ್ಲಿಷಿನಲ್ಲಿತ್ತು. ಅವರು ಅದನ್ನು ಪ್ಲಾಂಟಿನ ಆಫೀಸಿಗೇ ಕಳಿಸಿ, ಇದನ್ನು ಇಂಗ್ಲಿಷಿಗೆ ಅನುವಾದಿಸಿ ಕಳುಹಿಸಿ ಎಂದು ಒಂದು ಸಾಲು ಬರೆದರು. ಪ್ಲಾಂಟಿನ ಆಫೀಸಿನಲ್ಲಿ ಅದು ಹೋದದ್ದು ತಪ್ಪೊಪ್ಪಿಗೆ ಟೈಪು ಮಾಡಿದ ಅದೇ ಗುಮಾಸ್ತನ ಮೇಜಿಗೆ. ಅವನು ಎದ್ದು ಹೋಗಿ ಇನ್‌ಚಾರ್ಜಿಗೆ ತೋರಿಸಿದ. ಕೆಟ್ಟತನಕ್ಕೇ ತೋರಿಸಿದನೆಂದು ಹೇಳಲಾರೆ. ಅಲ್ಲಿ ಬಂದ ಕಾಗದವೆಲ್ಲ ಮೊದಲು ಇನ್‌ಚಾರ್ಜಿನ ಕೈಗೆ ಹೋಗುವುದು ಪದ್ಧತಿಯಾಗಿತ್ತು.

ಮುಂದಿನದನ್ನು ನಾನು ಕಂಡಿಲ್ಲ. ಕಂಡ ಮೂವರನ್ನು ಬೇರೆ ಬೇರೆಯಾಗಿ ಕೇಳಿದ್ದೇನೆ, ಮೂವರೂ ಒಂದೇ ರೀತಿ ಹೇಳಿದರು. ಬೆಳಿಗ್ಗೆ ಪಾಳಿಯ ಕಾವಲುಗಾರರು ಸಾಲಾಗಿ ನಿಂತಿದ್ದಾಗ ಇನ್‌ಚಾರ್ಜ್ ದೂರನ್ನು ಕೈಯಲ್ಲಿ ಹಿಡಿದು ಬಂದ. ಗುಮಾಸ್ತನ ಕೈಗೆ ಕೊಟ್ಟು ಗಟ್ಟಿಯಾಗಿ ಓದಿಸಿದ. ಬೆರಳಿನ ಭಾಗ ಬಂದಾಗ, “ಇದನ್ನ ಇನ್ನೊಮ್ಮಿ ಓದು, ಚಂದ ಬರದಾನ,” ಎಂದು ನಕ್ಕ. ಕೆಲವರು ಹೆದರಿ ಅವನ ಜೊತೆ ನಕ್ಕರು. ಅಡುಗೆಯವಳ ಹೆಸರು ಬಂದಾಗ ನಗುವುದನ್ನು ನಿಲ್ಲಿಸಿದ.

ನೇರ ಮೆಸ್ಸಿಗೆ ಹೋದ. ಅವಳು ಒಲೆಯ ಮೇಲಿನಿಂದ ಬೇಳೆಯ ಪಾತ್ರೆ ಇಳಿಸಿ ನೆಲಕ್ಕಿಟ್ಟಿದ್ದಳು.

“ಏನ್ ನೋಡೀದಿ ಬೇ ನೀ? ಕಿಟಕ್ಯಾಗಿಂದ ಏನ್ ನೋಡೀದಿ?”

“ನೀವು ಮಾಡಿದ್ದು ನೋಡೇನ್ರಿ,” ಎಂದಳು.

ಅವನು ಪಾತ್ರೆಯನ್ನು ಒದ್ದ. ಕುದಿಯುವ ಬೇಳೆ ಅವಳ ಎರಡೂ ಪಾದದ ಮೇಲೆ, ಮೊಣಕಾಲಿನ ತನಕ ಸುರಿಯಿತು. ಅವಳು ಕೂಗಿ ಕೆಳಗೆ ಕುಳಿತಳು. ಕುಳಿತದ್ದು ಅದೇ ಬೇಳೆಯ ಮೇಲೆ. ಅವನು ಕೂದಲು ಹಿಡಿದು ಹೊಸ್ತಿಲಿನಾಚೆ ಎಳೆದು ಹಾಕಿದ. ಸಾಲಿನಲ್ಲಿ ನಿಂತವರಲ್ಲಿ ಒಬ್ಬ ಕಾವಲುಗಾರ ನೀರಿನ ಕೊಡ ತಂದು ಅವಳ ಕಾಲಿಗೆ ಹೊಯ್ದ. ಅವನಿಗೂ ಕಪಾಳಕ್ಕೆ ಬಿತ್ತು.

ನಾನು ಆಳಂದದಿಂದ ಬರುವ ಹೊತ್ತಿಗೆ ಅವಳ ಊರಿನ ಜನ ಗೇಟಿನ ಮುಂದೆ ಸೇರಿದ್ದರು. ಕೆಲವರ ಕೈಯಲ್ಲಿ ಬಡಿಗೆ, ಕೆಲವರ ಮಡಿಲಲ್ಲಿ ಕಲ್ಲು. ಇಲ್ಲಿಂದ ನಾನು ಕಂಡದ್ದು. ಮೊದಲ ಕಲ್ಲು ಬೋರ್ಡಿಗೆ ಬಿತ್ತು. ಎರಡನೆಯದು ಬೇಲಿಯ ಮೇಲಿಂದ ಹಾರಿ ಸೋಲಾರ್ ಫಲಕದ ಮೇಲೆ. ಗಾಜು ಒಡೆದರೆ ಚೂರುಗಳು ಬೀಳುತ್ತವೆ ಎಂದುಕೊಂಡಿದ್ದೆ. ಬೀಳುವುದಿಲ್ಲ. ಫಲಕದ ತುಂಬ ಬಿಳಿ ಬಿರುಕು ಹರಡಿ, ಅದು ಹಾಗೆಯೇ ನಿಲ್ಲುತ್ತದೆ. ಆ ಸದ್ದು ಕೇಳಿದ ಮೇಲೆ ಜನಕ್ಕೆ ಹುರುಪು ಬಂತು. ಕಲ್ಲುಗಳು ಒಟ್ಟಿಗೇ ಹಾರಿದವು. ಒಳಗಿನಿಂದ ಕಾವಲುಗಾರರು ಲಾಠಿ ಹಿಡಿದು ನುಗ್ಗಿದರು. ಬಡಿಗೆಗೆ ಲಾಠಿ ತಾಗುವ ಸದ್ದು, ಮೂಳೆಗೆ ತಾಗುವ ಸದ್ದು, ಎರಡಕ್ಕೂ ವ್ಯತ್ಯಾಸ ಗೊತ್ತಾಗುತ್ತಿತ್ತು. ಗೇಟು ಹಾಕಲು ಓಡಿ ಬಂದ ಗುಮಾಸ್ತನ ಹುಬ್ಬು ಕಲ್ಲಿನಿಂದ ಹರಿಯಿತು. ಅವನು ಮುಖದ ತುಂಬ ರಕ್ತ ಮಾಡಿಕೊಂಡು, “ನಾ ಬರೀ ಟೈಪ್ ಮಾಡಾವ್ರಿ! ಬರೀ ಟೈಪ್ ಮಾಡಾವ!” ಎಂದು ಕೂಗುತ್ತಾ ಗೇಟಿನ ಸರಳು ಹಿಡಿದು ನಿಂತಿದ್ದ.

ಯಾರೋ ಒಬ್ಬ ಡೀಸೆಲ್ ಕ್ಯಾನ್ ತಂದಿದ್ದ. ತಮ್ಮ ಅವನಿಗೆ ಅಡ್ಡ ನಿಂತ.

“ಸರಿ ಅತ್ಲಾಗ. ನಿನಗಾಗೇ ಮಾಡಾಕತ್ತೇವಿ ಇದೆಲ್ಲ.”

“ಇದು ಸುಟ್ರ ನಾ ಕಳ್ಳನೂ ಆಗ್ತೇನಿ, ಬೆಂಕಿ ಹಚ್ಚಿದಾವನೂ ಆಗ್ತೇನಿ. ಇಡು ಕೆಳಗ.”

“ಹೇಡಿ ಸೂಳೇಮಗನೇ,” ಎಂದು ಆತ ಕ್ಯಾನಿನಿಂದಲೇ ತಮ್ಮನ ಭುಜಕ್ಕೆ ಹೊಡೆದ. ತಮ್ಮ ಬಿದ್ದ, ಬಿದ್ದಲ್ಲೇ ಆತನ ಕಾಲು ಹಿಡಿದುಕೊಂಡ, ಬಿಡಲಿಲ್ಲ. ಅಷ್ಟರಲ್ಲಿ ಪೊಲೀಸ್ ವ್ಯಾನ್ ಬಂತು.

ಆ ಸುದ್ದಿಯನ್ನು ನಾನು ಬರೆಯಲಿಲ್ಲ. ಮನೆಯವರ ಸುದ್ದಿ ಮನೆಯವರು ಬರೆಯಬಾರದು ಎಂದು ಕಲಬುರಗಿಯ ಕಚೇರಿಗೆ ಹೇಳಿದೆ. ಬೇರೊಬ್ಬರು ಬರೆದರು, ಒಂದು ಕಾಲಮ್ಮಿನಲ್ಲಿ ಬಂತು.

ಗಲಾಟೆಯಾದ ದಿನವೇ ಸಂಜೆ ಕಾಕಿಯ ಮನೆಯಲ್ಲಿ ಮತ್ತೆ ಅದೇ ಪ್ರಶ್ನೆ ಬಂತು. ಈ ಸಲ ಅಡುಗೆಯವಳೂ ಇದ್ದಳು. ಕಾಲಿಗೆ ಮುಲಾಮು ಹಚ್ಚಿ ಬಾಳೆಲೆ ಹಾಸಿ ಗೋಡೆಗೆ ಒರಗಿಸಿ ಕೂರಿಸಿದ್ದರು. ಹೆಡ್ ಆಫೀಸಿನಿಂದ ತಮ್ಮನ ಫೋನಿಗೆ ಒಂದು ಮೇಲ್ ಬಂದಿತ್ತು. ಕಳ್ಳತನದ ವಿಷಯದಲ್ಲಿ ನಿನ್ನ ವಿವರಣೆ ಏನಾದರೂ ಇದ್ದರೆ ಕೊಡು, ಇಲ್ಲದಿದ್ದರೆ ತಪ್ಪೊಪ್ಪಿಗೆಯ ಆಧಾರದ ಮೇಲೆ ಪೊಲೀಸರಿಗೆ ದೂರು ಕೊಡುತ್ತೇವೆ ಎಂದಿತ್ತು. ಕನ್ನಡ ದೂರಿನ ಬಗ್ಗೆ ಅದರಲ್ಲಿ ಒಂದು ಅಕ್ಷರವೂ ಇರಲಿಲ್ಲ. ಅವರ ಮಟ್ಟಿಗೆ ತಮ್ಮ ಇನ್ನೂ ಬಾಯಿಯೇ ತೆರೆದಿರಲಿಲ್ಲ.

“ಈಗರೆ ಇಂಗ್ಲಿಷಿನಾಗ ಬರಸ್ತಿಯೋ ಇಲ್ಲೋ?” ಎಂದು ಕಾಕಿ ಮಗನನ್ನು ಕೇಳಿದರು. “ಕನ್ನಡದಾಗ ಬರದು ಈಕಿ ಕಾಲು ಸುಡಿಸೀದಿ.”

ತಮ್ಮ ಅಡುಗೆಯವಳ ಕಡೆ ನೋಡಿದ. ಅವಳು, “ನನ್ನ ಮುಖ ಯಾಕ್ ನೋಡ್ತಿ? ನನ್ನ ಕಾಲಿಂದೂ ಬರಸು,” ಎಂದಳು. “ಹೆಸರು ತಗದೀ ಅಂದ್ರ ನೋಡು ಮತ್ತ. ಇಷ್ಟೆಲ್ಲಾ ಸುಡಿಸ್ಕೊಂಡು ಹೆಸರಿಲ್ಲದ ಕೂಡಲೇನು?”

ಕೊನೆಗೆ ಅವನೇ ಒಂದು ಶರತ್ತು ಹಾಕಿದ. “ಅಣ್ಣ ಬರೀಲಿ. ಆದ್ರ ಅಣ್ಣ ನನಗ ಓದಿ ಹೇಳಬಾರ್ದು. ನಾ ಏನ್ ಹೇಳೇನಿ ಅಂತ ಗೊತ್ತಿಲ್ಲದಾವರು ಓದಬೇಕು. ಅವರು ಏನ್ ಹೇಳ್ತಾರ, ಅದೇ ಆ ಕಾಗದದಾಗ ಇರೋದು.”

ಇಷ್ಟು ವರ್ಷ ಸುದ್ದಿಮನೆಯಲ್ಲಿ ಇದ್ದರೂ ಇದಕ್ಕಿಂತ ಒಳ್ಳೆಯ ಪರೀಕ್ಷೆ ನಾನು ಕಂಡಿಲ್ಲ. ಯಡ್ರಾಮಿಯ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುವ ನನ್ನ ವೈನಿಯನ್ನು, ಅಂದರೆ ಅಣ್ಣನ ಹೆಂಡತಿಯನ್ನು ಕರೆಸಿದೆವು. ಅವರು ಬರುವವರೆಗೆ ತಮ್ಮ ಹೇಳಿದ್ದನ್ನು ನಾನು ಇಂಗ್ಲಿಷಿಗೆ ಇಳಿಸಿದೆ. ವೈನಿ ಬಂದು, ಕೈಕಾಲು ತೊಳೆದು, ಕನ್ನಡಕ ಹಾಕಿಕೊಂಡು ಕಾಗದ ಹಿಡಿದರು. ಒಂದೊಂದೇ ವಾಕ್ಯ ಮನಸ್ಸಿನಲ್ಲಿ ಓದಿ, ಗಟ್ಟಿಯಾಗಿ ಕನ್ನಡದಲ್ಲಿ ಹೇಳತೊಡಗಿದರು.

“ನನ್ನನ್ನ ಸ್ಟೋರ್ ರೂಮಿಗಿ ಕರದ್ರು ಎನ್ನಲಾಗಿದೆ,” ಎಂದು ಶುರು ಮಾಡಿದವರು ಅಲ್ಲೇ ನಿಂತರು. “ಇದೇನ್ರಿ? ತನ್ನನ್ನ ಕರದದ್ದು ಇವಗ ಗೊತ್ತಿಲ್ಲೇನು?”

“ಮುಂದ ಓದ್ರಿ,” ಎಂದೆ.

“ಅಲ್ಲಿ ನನ್ನನ್ನ ಎಳದಾಡಿ ತಳ್ಳಾಡಿದ್ರು ಎಂದು ಆರೋಪಿಸಲಾಗಿದೆ. ಕೈಗೆ ಗಾಯ ಆಗೈತಿ ಅಂತ ತಿಳಿದು ಬಂದಿದೆ.”

ತಮ್ಮ ಎದ್ದು ನಿಂತ. ಪಟ್ಟಿ ಸುತ್ತಿದ ಕೈಯನ್ನು ನನ್ನ ಮುಖದ ಮುಂದೆ ಹಿಡಿದ. “ತಳ್ಳಾಡಿದ್ರಾ? ಇದು ತಳ್ಳಾಡಿದ್ದಾ? ತಿಳಿದು ಬಂದಿದೆಯಾ? ಯಾರಿಗಿ ತಿಳಿದು ಬಂದದ?”

ಅಡುಗೆಯವಳು ಸುಟ್ಟ ಕಾಲಿನ ನೋವಿನಲ್ಲೂ ನಕ್ಕಳು. “ನಿಮ್ಮಣ್ಣ ಪೇಪರಿಗಿ ಬರದಾರೋ.”

ಅವಳು ಹೇಳಿದ್ದು ಸರಿ. ಸಾಬೀತಾಗದ್ದನ್ನು ನಮ್ಮ ಬಾಯಿಂದ ಹೇಳಬಾರದು, ಹೇಳಿದವರ ಬಾಯಿಂದ ಹೇಳಿಸಬೇಕು ಎಂದು ನಮಗೆ ಕಲಿಸಿರುತ್ತಾರೆ. ಕೈ ತಾನಾಗಿ ಹಾಗೆ ಬರೆದಿತ್ತು. ಹೊಡೆಸಿಕೊಂಡವನೇ ಬರೆಯುವ ದೂರಿನಲ್ಲಿ ಅದು ಅವನನ್ನೇ ಅನುಮಾನಿಸಿದಂತೆ ಕಾಣುತ್ತದೆ ಎಂಬುದು ವೈನಿಯ ಬಾಯಿಯಿಂದ ಕನ್ನಡದಲ್ಲಿ ಕೇಳುವವರೆಗೆ ತಿಳಿಯಲಿಲ್ಲ. ಕಾಗದ ಹರಿದೆ. ಮತ್ತೆ ಬರೆದೆ. ಅವನು ಹೊಡೆದ. ಕೇಬಲಿನಿಂದ ಹೊಡೆದ. ಪಾನದಿಂದ ನನ್ನ ಎರಡು ಬೆರಳು ಮುರಿದ. ನನಗೆ ಓದಲು ಬರದ ಕಾಗದಕ್ಕೆ ಸಹಿ ಹಾಕಿಸಿದ. ಕನ್ನಡದಲ್ಲಿ ಕಳಿಸಿದ ದೂರು ಅವನ ಕೈಗೇ ಬಂತು. ಬಂದದ್ದಕ್ಕೆ ಸಾಕ್ಷಿಯ ಕಾಲು ಸುಟ್ಟ. ವೈನಿ ಮತ್ತೆ ಓದಿ ಹೇಳಿದರು. ತಮ್ಮ ಪ್ರತಿ ವಾಕ್ಯಕ್ಕೂ “ಹೂಂ” ಎಂದ. ಒಂದು ಕಡೆ ಮಾತ್ರ, ಅಂಗಾಲಿಗೆ ಹೊಡೆಯುವಾಗ ಕುರ್ಚಿ ಹಿಡಿದವನು ಬೇರೊಬ್ಬ ಕಾವಲುಗಾರ ಎಂಬಲ್ಲಿ, “ಅದನ್ನ ತಗೀರಿ, ಅವ ಅಳಾಕತ್ತಿದ್ದ,” ಎಂದ. ತೆಗೆದೆ.

ಕೊನೆಗೆ ವೈನಿ ತಮ್ಮದೇ ಕೈಯಿಂದ ಕೆಳಗೆ ಇಂಗ್ಲಿಷಿನಲ್ಲಿ ಎರಡು ಸಾಲು ಬರೆದರು: ಇದನ್ನು ದೂರುದಾರನಿಗೆ ಕನ್ನಡದಲ್ಲಿ ಓದಿ ಹೇಳಿದ್ದೇನೆ, ಸರಿಯಿದೆ ಎಂದು ಒಪ್ಪಿ ನನ್ನ ಮುಂದೆ ಸಹಿ ಹಾಕಿದ್ದಾನೆ. ಮುಂದೆ ತಮ್ಮದೇ ಹೆಸರು, ಸಹಿ, ಕೆಲಸ ಮಾಡುವ ಸ್ಥಳ. ಕೋರ್ಟು ಕಚೇರಿಗಳಲ್ಲಿ ಭಾಷೆ ಬಾರದವರ ಹೇಳಿಕೆಯ ಕೆಳಗೆ ಹೀಗೆ ಬರೆಯುವುದು ವಾಡಿಕೆ. ತಮ್ಮ ಸಹಿ ಹಾಕಿದ. ಅಡುಗೆಯವಳು ತನ್ನ ಹೇಳಿಕೆಗೆ ಹೆಬ್ಬೆಟ್ಟು ಒತ್ತಿದಳು. ಅದಕ್ಕೂ ವೈನಿ ಹಾಗೆಯೇ ಬರೆದರು.

ಎರಡನ್ನೂ ಮೇಲ್ ಮಾಡಿದೆವು. ಹೆಡ್ ಆಫೀಸಿನಿಂದ ಮರುದಿನವೇ ಉತ್ತರ ಬಂತು, ಮರುವಾರ ಒಬ್ಬ ಮಹಿಳಾ ಅಧಿಕಾರಿ ಬಂದರು. ಜೇವರ್ಗಿಯ ಒಂದು ಲಾಡ್ಜಿನ ಕೆಳಗಿನ ಹಾಲಿನಲ್ಲಿ ವಿಚಾರಣೆ ನಡೆಯಿತು. ಇನ್‌ಚಾರ್ಜನನ್ನೂ ಗುಮಾಸ್ತನನ್ನೂ ಕರೆಸಿದ್ದರು. ಪ್ಲಾಂಟಿನವರನ್ನು ದುಭಾಷಿಯಾಗಿ ಇಟ್ಟುಕೊಳ್ಳಲು ಅಧಿಕಾರಿ ಒಪ್ಪಲಿಲ್ಲ. ಕಂಪನಿಯ ಬೆಂಗಳೂರು ಕಚೇರಿಯ ಕನ್ನಡ ಬಲ್ಲ ಒಬ್ಬರನ್ನು ಫೋನಿನಲ್ಲಿ ತೆಗೆದುಕೊಂಡು, ಸ್ಪೀಕರ್ ಹಾಕಿ ಮೇಜಿನ ಮೇಲಿಟ್ಟರು. ವೈನಿಯನ್ನು ಒಳಗೆ ಕರೆದರು. ಪತ್ರಕರ್ತ ಎಂದು ನನ್ನನ್ನು ಹೊರಗೆ ನಿಲ್ಲಿಸಿದರು. ಗಾಜಿನ ಬಾಗಿಲು, ಒಳಗಿನದು ಕಾಣುತ್ತಿತ್ತು, ಸ್ಪೀಕರಿನ ಮಾತು ಕೇಳುತ್ತಿತ್ತು.

ಅಧಿಕಾರಿ ಎರಡು ಕಾಗದಗಳನ್ನು ಪಕ್ಕಪಕ್ಕದಲ್ಲಿ ಇಟ್ಟರು. ಎರಡೂ ಇಂಗ್ಲಿಷ್, ಎರಡರ ಕೆಳಗೂ ತಮ್ಮನ ಸಹಿ. ಮೊದಲು ದೂರಿನಲ್ಲಿ ಏನಿದೆ ಹೇಳು ಎಂದರು. ತಮ್ಮ ನಿಲ್ಲದೆ ಹೇಳಿದ. ಫೋನಿನವರು ಇಂಗ್ಲಿಷಿಗೆ ತಿರುಗಿಸುತ್ತಾ ಹೋದರು, ಅಧಿಕಾರಿ ಬೆರಳು ಇಟ್ಟು ಸಾಲು ಹೊಂದಿಸುತ್ತಾ ಹೋದರು. ಆಮೇಲೆ ತಪ್ಪೊಪ್ಪಿಗೆಯಲ್ಲಿ ಏನಿದೆ ಹೇಳು ಎಂದರು.

“ಗೊತ್ತಿಲ್ರಿ. ಓದಿ ಹೇಳಿಲ್ಲ ಯಾರೂ. ಠಾಣೆದಾಗ ಸಾಹೇಬ್ರು ಹೇಳಿದ್ದಷ್ಟೇ ಗೊತ್ತು.”

ಓದಿ ಹೇಳಿದವರು ಯಾರು ಎಂದು ಅಧಿಕಾರಿ ಗುಮಾಸ್ತನನ್ನು ಕೇಳಿದರು. ಹುಬ್ಬಿಗೆ ಹೊಲಿಗೆ ಹಾಕಿಸಿಕೊಂಡಿದ್ದ ಅವನು ಇನ್‌ಚಾರ್ಜಿನ ಕಡೆ ನೋಡಿದ. ಆಮೇಲೆ ನೆಲ ನೋಡಿದ.

“ಯಾರೂ ಓದಿಲ್ರಿ ಮೇಡಂ,” ಎಂದ.

ಇನ್‌ಚಾರ್ಜ್ ಮೇಜು ದಾಟಿದ. ಅವನು ಅಷ್ಟು ವೇಗವಾಗಿ ಚಲಿಸುತ್ತಾನೆ ಎಂದು ಯಾರೂ ಎಣಿಸಿರಲಿಲ್ಲ. ಗುಮಾಸ್ತನ ಕಡೆ ಹೋಗುತ್ತಾನೆ ಎಂದುಕೊಂಡೆ. ಅವನು ತಮ್ಮನ ಪಟ್ಟಿ ಸುತ್ತಿದ ಕೈ ಹಿಡಿದು ಬೆನ್ನ ಹಿಂದಕ್ಕೆ ತಿರುಚಿದ. “ನಾಟಕ ಮಾಡ್ತೀಯೇನಲೇ? ಹೆಂಗಸರ ಮುಂದ ನಾಟಕ ಮಾಡ್ತೀ?” ತಮ್ಮನ ಹಣೆ ಮೇಜಿಗೆ ಬಡಿಯಿತು. ಫೋನು ಕೆಳಗೆ ಬಿತ್ತು, ಅದರೊಳಗಿನ ದನಿ “ಹಲೋ, ಏನಾಯ್ತು, ಏನಾಯ್ತು” ಎಂದು ಕೇಳುತ್ತಲೇ ಇತ್ತು. ವೈನಿ ನೀರಿನ ಜಗ್ಗನ್ನು ಎತ್ತಿ ಇನ್‌ಚಾರ್ಜಿನ ಕಿವಿಗೆ ಹೊಡೆದರು. ಹೈಸ್ಕೂಲಿನ ಶಿಕ್ಷಕಿ, ಎತ್ತರದಲ್ಲಿ ಅವನ ಎದೆಗೆ ಬರುವವರು. ನಾನು ಬಾಗಿಲು ತಳ್ಳಿ ಒಳಗೆ ಹೋಗುವಷ್ಟರಲ್ಲಿ ಲಾಡ್ಜಿನ ಹುಡುಗರು ಅವನನ್ನು ಹಿಡಿದಿದ್ದರು. ಅಧಿಕಾರಿ ಗೋಡೆಗೆ ಬೆನ್ನು ಹಚ್ಚಿ ನಿಂತು, ಬೇರೆ ಯಾರಿಗೋ ಫೋನು ಮಾಡುತ್ತಿದ್ದರು.

ತಮ್ಮನ ಬೆರಳುಗಳನ್ನು ಮತ್ತೆ ಕೂಡಿಸಬೇಕಾಯಿತು. ಅವು ಈಗ ಪೂರ್ತಿ ಮಡಚುವುದಿಲ್ಲ.

ಕಂಪನಿ ಇನ್‌ಚಾರ್ಜನನ್ನು ಕೆಲಸದಿಂದ ತೆಗೆಯಿತು. ಕಳ್ಳತನದ ದೂರು ಬರುವುದಿಲ್ಲ ಎಂದು ಖಾತ್ರಿಯಾದ ಮೇಲೆ ತಮ್ಮನೂ ಅಡುಗೆಯವಳೂ ಠಾಣೆಗೆ ಹೋಗಿ ಕೇಸು ಬರೆಸಿದರು, ಅದು ನಡೆಯುತ್ತಿದೆ. ಕಲ್ಲು ಎಸೆದವರ ಮೇಲಿನ ಕೇಸೂ ನಡೆಯುತ್ತಿದೆ. ತಮ್ಮನಿಗೆ ಆಳಂದದ ಹತ್ತಿರ ಅದೇ ಕಂಪನಿಯ ಗಾಳಿಯಂತ್ರಗಳಿರುವ ಕಡೆ ಕೆಲಸ ಕೊಡುವುದಾಗಿ ಪತ್ರ ಬಂತು. ಇಂಗ್ಲಿಷಿನ ಪತ್ರ, ಜೊತೆಗೆ ಕನ್ನಡದ್ದೂ ಒಂದು.

ಕಾಕಿ ಆ ಪತ್ರವನ್ನು ಮನೆಯೊಳಗೆ ಓದಲು ಬಿಡಲಿಲ್ಲ. ಕಟ್ಟೆಯ ಮೇಲೆ ನಿಂತು ಓದು ಎಂದರು. ತಾಮ್ರದ ಭಾವ ಕೇಳಿದವರೆಲ್ಲ ಕೇಳಲಿ ಎಂದು. ಓಣಿಯ ಏಳೆಂಟು ಜನ ಸೇರಿದರು. ನಾನು ಕನ್ನಡದ ಪತ್ರ ಓದಿದೆ. ಸದರಿ ನೌಕರನ ವಿರುದ್ಧದ ಕಳ್ಳತನದ ಆರೋಪ ಸಾಬೀತಾಗಿಲ್ಲ ಎಂದಿತ್ತು.

“ಕಳ್ಳ ಅಲ್ಲ ಅಂತ ಬರದಾರೇನು?” ಎಂದರು ಕಾಕಿ.

“ಸಾಬೀತಾಗಿಲ್ಲ ಅಂತ ಬರದಾರ ಕಾಕಿ.”

“ಅಂದ್ರ?”

ನಾನು ಇಂಗ್ಲಿಷಿನದನ್ನೂ ನೋಡಿದೆ. ಅಲ್ಲೂ ಅಷ್ಟೇ ಇತ್ತು. ಇದ್ದದ್ದಕ್ಕಿಂತ ಹೆಚ್ಚು ಹೇಳುವ ಹಾಗಿರಲಿಲ್ಲ. “ಕದ್ದಾನ ಅಂತ ಹೇಳಾಕ ಅವರ ಹತ್ರ ಏನೂ ಇಲ್ಲ ಅಂತ ಅರ್ಥ,” ಎಂದೆ.

ಜನರ ನಡುವಿನಿಂದ ಒಬ್ಬ, ಎದುರು ಮನೆಯ ಟ್ರ್ಯಾಕ್ಟರಿನವನು, ಹಲ್ಲಿನ ಸಂದಿಯಿಂದ ನಕ್ಕ. “ಸಿಗಲಿಲ್ಲ ಅಂತ್ರೀ. ಚಾಲಾಕ್ ಮನುಷ್ಯಾ ಇದ್ದಾನ.”

ತಮ್ಮ ಕಟ್ಟೆಯಿಂದ ಇಳಿದ. ಸ್ಟೋರ್ ರೂಮಿನಲ್ಲಿ, ಗೇಟಿನ ಮುಂದೆ, ಲಾಡ್ಜಿನ ಹಾಲಿನಲ್ಲಿ ಎಲ್ಲಿಯೂ ಅವನು ಕೈ ಎತ್ತಿರಲಿಲ್ಲ. ಈಗ ಎತ್ತಿದ. ಮೊದಲ ಪೆಟ್ಟಿಗೆ ಟ್ರ್ಯಾಕ್ಟರಿನವನ ತುಟಿ ಒಡೆಯಿತು. ಎರಡನೆಯದಕ್ಕೆ ಅವನು ಗಟಾರದ ಅಂಚಿಗೆ ಕುಳಿತ. ತಮ್ಮ ಅವನ ಅಂಗಿ ಹಿಡಿದು ಎಬ್ಬಿಸಿದ, ಮತ್ತೆ ಹೊಡೆದ. ನಾನು, ಕಾಕಿ, ಇನ್ನಿಬ್ಬರು ಸೇರಿ ಎಳೆಯಬೇಕಾಯಿತು. ಕಾಕಿ ಮಗನ ಸೊಂಟಕ್ಕೆ ಜೋತುಬಿದ್ದು, “ಬಿಡೋ, ಸಾಯ್ತಾನ ಬಿಡೋ,” ಎಂದು ಕೂಗುತ್ತಿದ್ದರು. ಟ್ರ್ಯಾಕ್ಟರಿನವನ ತಾಯಿ ಬಾಗಿಲಲ್ಲಿ ನಿಂತು ಎದೆ ಬಡಿದುಕೊಳ್ಳುತ್ತಿದ್ದರು.

ಅವನು ತಿರುಗಿ ಹೊಡೆಯಲಿಲ್ಲ, ಠಾಣೆಗೂ ಹೋಗಲಿಲ್ಲ. ರಕ್ತ ಉಗುಳಿ, “ಅಷ್ಟಕ್ಕ ಇಷ್ಟ್ ಹೊಡೀತಾರೇನಲೇ?” ಎಂದು ಮಾತ್ರ ಕೇಳಿದ.

ಮುಂದಿನ ಸೋಮವಾರ ತಮ್ಮ ಆಳಂದದ ಬಸ್ಸು ಹತ್ತಿದ. ಈಗ ನನ್ನ ಮನೆಯಲ್ಲೇ ಇದ್ದು ಕೆಲಸಕ್ಕೆ ಹೋಗುತ್ತಾನೆ. ನೆಲೋಗಿಗೆ ಹೋದಾಗ ಆ ಓಣಿಯಲ್ಲಿ ಅವನ ಮುಂದೆ ಯಾರೂ ನಗುವುದಿಲ್ಲ. ಮಾತಾಡಿಸುವುದೂ ಇಲ್ಲ.